ಎರಡು ಮತ್ತು ಮೂರು ಕೂಡಿದರೆ ಇಪ್ಪತ್ತಮೂರು

ಹೊಸನಗರದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ಹನ್ನೊಂದು ವರ್ಷದಿಂದ ಅಸಿಸ್ಟೆಂಟ್. ಬೆಳಿಗ್ಗೆ ಬೀಗ ತೆಗೆಯುವುದು, ಯುಪಿಎಸ್ ಹಾಕುವುದು, ಕೆಟ್ಟ ಮೌಸ್ ಬದಲಿಸುವುದು, ಹಾಜರಿ ಪುಸ್ತಕ ಇಡುವುದು ನನ್ನ ಕೆಲಸ. ಪಾಠ ಮಾಡುವುದು ನನ್ನ ಕೆಲಸ ಅಲ್ಲ. ಅದನ್ನು ನಾಗೇಂದ್ರ ಸರ್ ನನಗೆ ಎಷ್ಟು ಸಲ ನೆನಪಿಸಿದ್ದಾರೋ ಲೆಕ್ಕವಿಲ್ಲ.

ನಾಗೇಂದ್ರ ಸರ್ ಬಿಸಿಎ ಮೊದಲನೇ ವರ್ಷಕ್ಕೆ ಪೈಥಾನ್ ಕಲಿಸುವವರು. ಕಲಿಸುವುದು ಅಂದರೆ, ಅವರೇ ಬರೆದು ಜೆರಾಕ್ಸ್ ಮಾಡಿಸಿದ ಲ್ಯಾಬ್ ಮ್ಯಾನ್ಯುವಲ್ ಹಿಡಿದು ಓದುತ್ತಾರೆ, ಮಕ್ಕಳು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಬಲಗಡೆ ಪುಟದಲ್ಲಿ ಪ್ರೋಗ್ರಾಮು, ಎಡಗಡೆ ಪುಟದಲ್ಲಿ ಔಟ್‌ಪುಟ್. ಔಟ್‌ಪುಟ್ ಕೂಡ ಅವರೇ ಹೇಳಿ ಬರೆಸುತ್ತಾರೆ. ಆಮೇಲೆ ಉಳಿದ ಮುಕ್ಕಾಲು ಗಂಟೆ ಮಕ್ಕಳು ಟೈಪ್ ಮಾಡಬೇಕು, ಆದರೆ ಯಾರೂ ಮಾಡುವುದಿಲ್ಲ. ಉತ್ತರ ಬರೆದಾಗಿದೆ, ಇನ್ನು ಯಂತ್ರವನ್ನು ಕೇಳುವುದು ಯಾಕೆ?

ವಿನಯಾ ಮಾತ್ರ ಕೇಳಿದಳು.

ಅವಳು ನಿಟ್ಟೂರಿನ ಹುಡುಗಿ. ತಾಯಿ ದುಗ್ಗಮ್ಮ ಅಲ್ಲಿನ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಕಾರಣ ಲ್ಯಾಬಿನ ಆ ಮುಕ್ಕಾಲು ಗಂಟೆಯನ್ನು ಅವಳು ಒಂದು ನಿಮಿಷವೂ ಬಿಡುತ್ತಿರಲಿಲ್ಲ. ಆಗಸ್ಟ್ ತಿಂಗಳ ಒಂದು ಗುರುವಾರ ನಾಲ್ಕನೇ ಪ್ರೋಗ್ರಾಮು ಇತ್ತು. ಕೀಬೋರ್ಡಿನಿಂದ ಎರಡು ಸಂಖ್ಯೆ ತೆಗೆದುಕೊಂಡು ಕೂಡಿ ತೋರಿಸುವುದು. ಮೂರೇ ಸಾಲು:

a = input("Enter first number: ")
b = input("Enter second number: ")
print(a + b)

ಸರ್ ಔಟ್‌ಪುಟ್ ಹೇಳಿದರು: ಎರಡು, ಮೂರು ಕೊಟ್ಟರೆ ಉತ್ತರ ಐದು. ನಲವತ್ತೊಂದು ಮಕ್ಕಳು ಐದು ಅಂತ ಬರೆದರು. ಸರ್ ಫೋನ್ ಹಿಡಿದು ವರಾಂಡಕ್ಕೆ ಹೋದರು.

ಸ್ವಲ್ಪ ಹೊತ್ತಿಗೆ ವಿನಯಾ ಕೈ ಎತ್ತಿದಳು. "ಕುಮುದಕ್ಕ, ಇಲ್ಲಿ ಬನ್ನಿ. ಇದೆಂತದೋ ಆಗ್ತಾ ಉಂಟು."

ಹೋಗಿ ನೋಡಿದೆ. ಪರದೆಯ ಮೇಲೆ 23 ಎಂದಿತ್ತು.

"ನಾನು ಮೂರು ಸಲ ನೋಡ್ದೆ ಅಕ್ಕ. ಮ್ಯಾನ್ಯುವಲಲ್ಲಿ ಇದ್ದ ಹಂಗೇ ಹೊಡ್ದಿದೀನಿ. ಐದು ಬರಲ್ಲ."

ನನಗೆ ಆಶ್ಚರ್ಯವಾಗಲಿಲ್ಲ. ನಾಚಿಕೆಯಾಯಿತು. ಯಾಕೆಂದರೆ ಅದು ನನಗೆ ಮೂರು ವರ್ಷದಿಂದ ಗೊತ್ತಿತ್ತು. ಸರ್ ಆ ಮ್ಯಾನ್ಯುವಲ್ ಬರೆದದ್ದು ಹಳೆಯ ಪೈಥಾನ್ ಕಾಲದಲ್ಲಿ. ಅದರಲ್ಲಿ ಇನ್‌ಪುಟ್ ಅಂದರೆ ನಾವು ಒತ್ತಿದ್ದನ್ನು ಅದೇ ಲೆಕ್ಕ ಹಾಕಿ ಸಂಖ್ಯೆಯಾಗಿ ಕೊಡುತ್ತಿತ್ತು. ಹೊಸ ಕಂಪ್ಯೂಟರ್ ಬಂದಾಗ ಹೊಸ ಪೈಥಾನ್ ಬಂತು. ಸರ್ ಪ್ರಿಂಟ್ ಮುಂದೆ ಆವರಣ ಚಿಹ್ನೆ ಸೇರಿಸಿ ಮ್ಯಾನ್ಯುವಲ್ ಸರಿಯಾಯಿತು ಅಂದುಕೊಂಡರು. ಒಂದು ಸಲವೂ ಓಡಿಸಿ ನೋಡಲಿಲ್ಲ. ಆಗಲೇ ಹೋಗಿ ಹೇಳಿದ್ದೆ. "ನೀವು ಸಿಸ್ಟಮ್ ಆನ್ ಮಾಡೋಕೆ ಇರೋದು ಕುಮುದಾ, ಸಿಲಬಸ್ ನನಗೆ ಬಿಡಿ," ಅಂದರು. ನಾನು ಬಿಟ್ಟೆ.

ವಿನಯಾಳ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ. "ನೋಡು, ಕೀಬೋರ್ಡಿನಿಂದ ಏನೇ ಬರಲಿ, ಇದಕ್ಕೆ ಅದು ಬರೀ ಅಕ್ಷರ. ನೀನು ಎರಡು ಒತ್ತಿದರೂ ಅದು ಎರಡು ಅನ್ನೋ ಬೆಲೆ ಅಲ್ಲ, ಎರಡರ ಗುರುತು ಅಷ್ಟೆ. ಎರಡು ಅಕ್ಷರ ಕೂಡು ಅಂದರೆ ಏನು ಮಾಡ್ತದೆ?"

"ಪಕ್ಕಪಕ್ಕ ಇಡ್ತದೆ," ಅಂದಳು. ಆಮೇಲೆ ಅವಳೇ, "ಓ, ಅದಕ್ಕೆ ಇಪ್ಪತ್ತಮೂರು!"

"ಹಾಂ. ಸಂಖ್ಯೆ ಮಾಡು ಅಂತ ನಾವೇ ಹೇಳಬೇಕು." ಇನ್‌ಪುಟ್ ಸುತ್ತ int ಹಾಕುವುದನ್ನು ತೋರಿಸಿದೆ. a = int(input("Enter first number: ")). ಎರಡೂ ಸಾಲು ತಿದ್ದಿ ಓಡಿಸಿದಳು. ಐದು ಬಂತು. ಅವಳ ಮುಖ ನೋಡಬೇಕಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ವಿನಯಾ ರೆಕಾರ್ಡಿನಲ್ಲಿ ಬರೆದಿದ್ದ ಐದನ್ನು ಹೊಡೆದುಹಾಕಿದಳು. ಮ್ಯಾನ್ಯುವಲಿನ ಪ್ರೋಗ್ರಾಮಿನ ಎದುರು 23 ಅಂತ ಬರೆದಳು. ಕೆಳಗೆ ತಿದ್ದಿದ ಪ್ರೋಗ್ರಾಮು ಬರೆದು ಅದರ ಎದುರು 5 ಅಂತ ಬರೆದಳು. ಯಾಕೆ ಹಾಗಾಯಿತು ಎಂದು ಎರಡು ಸಾಲು ವಿವರಣೆಯೂ ಸೇರಿಸಿದಳು. ಅಂಥ ಅಚ್ಚುಕಟ್ಟಾದ ಪುಟವನ್ನು ನಾನು ಆ ಲ್ಯಾಬಿನಲ್ಲಿ ಬೇರೆ ಕಂಡಿಲ್ಲ.

ಮುಂದಿನ ಗುರುವಾರ ಸರ್ ಆ ಪುಟಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. "ಔಟ್‌ಪುಟ್ ತಪ್ಪು. ಮ್ಯಾನ್ಯುವಲ್‌ನಲ್ಲಿ ಇದ್ದ ಹಾಗೆ ಬರೆದುಕೊಂಡು ಬಾ."

"ಸರ್, ಓಡಿಸಿದ್ರೆ ಹಂಗೇ ಬರ್ತದೆ."

"ಮ್ಯಾನ್ಯುವಲ್ ತಪ್ಪು ಅಂತೀಯಾ?"

"ಒಂದ್ಸಲ ಓಡಿಸಿ ನೋಡಿ ಸರ್."

ಸರ್ ಹತ್ತಿರದಲ್ಲಿ ಕಂಪ್ಯೂಟರ್ ಇತ್ತು, ಆನ್ ಆಗಿಯೂ ಇತ್ತು. ಮೂರು ಸಾಲು ಹೊಡೆಯಲು ಒಂದು ನಿಮಿಷ ಸಾಕು. ಅವರು ಹೊಡೆಯಲಿಲ್ಲ. "ನಿಟ್ಟೂರಿಂದ ಬಂದು ನನಗೆ ಪಾಠ ಹೇಳ್ತಾಳೆ," ಎಂದು ಉಳಿದ ಮಕ್ಕಳ ಕಡೆ ತಿರುಗಿ ನಕ್ಕರು. ಕೆಲವರು ನಕ್ಕರು ಕೂಡ. ರೆಕಾರ್ಡಿಗೆ ಸಹಿ ಹಾಕದೆ ವಾಪಸ್ ಎಸೆದರು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ.

ನನ್ನ ಮೈಯೆಲ್ಲ ಉರಿಯಿತು. ಆದರೂ ಅವತ್ತು ನಾನು ಮಾತಾಡಲಿಲ್ಲ. ಮೂಲೆಯಲ್ಲಿ ನಿಂತು ಕೇಬಲ್ ಸುತ್ತಿದೆ. ಬಸ್‌ಸ್ಟ್ಯಾಂಡಿನ ತನಕ ನಡೆಯುವಾಗ ನನಗೆ ಸಿಟ್ಟು ಬಂದದ್ದು ಅವರ ಮೇಲೋ ನನ್ನ ಮೇಲೋ ಅಂತ ಗೊತ್ತಾಗಲಿಲ್ಲ.

ವಿನಯಾ ತಿದ್ದಿ ಬರೆಯಲಿಲ್ಲ. ಎರಡು ವಾರ ಕಳೆಯಿತು. ಸರ್ ಪ್ರಿನ್ಸಿಪಾಲರಿಗೆ ದೂರು ಕೊಟ್ಟರು: ವಿದ್ಯಾರ್ಥಿನಿ ಉದ್ಧಟತನ ತೋರಿಸುತ್ತಾಳೆ, ಪೋಷಕರನ್ನು ಕರೆಸಬೇಕು. ದುಗ್ಗಮ್ಮ ಅಡುಗೆಗೆ ಬೇರೆಯವರನ್ನು ಒಪ್ಪಿಸಿ, ಬೆಳಗಿನ ಬಸ್ಸು ಹಿಡಿದು ಬಂದರು. ನನಗೂ ಕರೆ ಬಂತು. ಅದು ಯಾಕೆಂದು ಆಮೇಲೆ ತಿಳಿಯಿತು. ನನ್ನ ಹೆಸರನ್ನು ಹೇಳಿದ್ದು ವಿನಯಾ ಅಲ್ಲ, ಸರ್. ಹುಡುಗಿಯ ತಲೆಗೆ ಇದನ್ನೆಲ್ಲ ತುಂಬಿದ್ದು ಲ್ಯಾಬ್ ಅಸಿಸ್ಟೆಂಟ್ ಎಂದು ದೂರಿನಲ್ಲಿ ಬರೆದಿದ್ದರು.

ಪ್ರಿನ್ಸಿಪಾಲ್ ನಾರಾಯಣಮೂರ್ತಿಯವರು ತೀರ್ಥಹಳ್ಳಿ ಕಡೆಯವರು, ಕನ್ನಡ ಮೇಷ್ಟ್ರು. ಮೃದು ಮಾತು, ಗಲಾಟೆ ಅಂದರೆ ಹೆದರಿಕೆ. "ಅಮ್ಮಾ, ಕೂತ್ಕೊಳ್ಳಿ," ಅಂದರು. "ಏನಿಲ್ಲ, ನಿಮ್ಮ ಮಗಳು ಸ್ವಲ್ಪ ಹಟ ಮಾಡ್ತಿದಾಳೆ. ಸರ್ ಹೇಳಿದ ಹಾಗೆ ಒಂದು ಪುಟ ಬರೆದುಬಿಟ್ರೆ ಮುಗೀತು."

ದುಗ್ಗಮ್ಮ ಕೂರಲಿಲ್ಲ. "ಅವಳು ಎಂತ ತಪ್ಪು ಬರ್ದಿದಾಳೆ ಮೇಷ್ಟ್ರೇ?"

"ತಪ್ಪು ಅಂತಲ್ಲ..."

"ತಪ್ಪಲ್ದಿದ್ರೆ ನಾನ್ಯಾಕೆ ಬಂದೆ?"

ಆಗ ವಿನಯಾ, "ಸರ್, ಐದು ನಿಮಿಷ ಲ್ಯಾಬಿಗೆ ಬನ್ನಿ. ಅವ್ವನೇ ನೋಡಲಿ," ಅಂದಳು. ನಾಗೇಂದ್ರ ಸರ್ ಬೇಡ ಅನ್ನುವಷ್ಟರಲ್ಲಿ ಪ್ರಿನ್ಸಿಪಾಲ್ ಎದ್ದಿದ್ದರು. ಕೊಠಡಿಯಿಂದ ಹೊರಬೀಳಲು ಅವರಿಗೂ ಒಂದು ನೆಪ ಬೇಕಿತ್ತೋ ಏನೋ.

ವಿನಯಾ ಮೊದಲು ಮ್ಯಾನ್ಯುವಲಿನ ಮೂರು ಸಾಲು ಹೊಡೆದಳು. ಅಕ್ಷರ ಅಕ್ಷರ ಪ್ರಿನ್ಸಿಪಾಲರಿಗೆ ಮ್ಯಾನ್ಯುವಲ್ ಜೊತೆ ತಾಳೆ ನೋಡಿಸಿದಳು. "ಅವ್ವಾ, ಫೋನಿನಲ್ಲಿ ನಂಬರ್ ಒತ್ತುತೀಯಲ್ಲ, ಹಂಗೇ. ಎರಡು ಒತ್ತಿ ಈ ದೊಡ್ಡದನ್ನ ಒತ್ತು. ಆಮೇಲೆ ಮೂರು."

ದುಗ್ಗಮ್ಮ ಸೆರಗಿಗೆ ಬೆರಳು ಒರೆಸಿಕೊಂಡು ಒತ್ತಿದರು. 23 ಬಂತು.

"ಇದೆಂತ ಲೆಕ್ಕ?" ಅಂದರು. "ಎರಡಕ್ಕೆ ಮೂರು ಸೇರಿದ್ರೆ ಐದಲ್ವಾ?"

"ಐದೇ. ಆದ್ರೆ ಈ ಪ್ರೋಗ್ರಾಮಿಗೆ ಇಪ್ಪತ್ತಮೂರೇ ಬರೋದು. ಅದನ್ನ ನೋಡಿ ಬರ್ದಿದ್ದಕ್ಕೆ ಗೆರೆ ಹೊಡ್ದಿದಾರೆ."

ಆಮೇಲೆ ವಿನಯಾ ತಾನೇ ಕಟ್ಟಿದ ಇನ್ನೊಂದು ಪುಟ್ಟ ಪ್ರೋಗ್ರಾಮು ತೆರೆದಳು. ಅದು ಕನ್ನಡದಲ್ಲಿ ಕೇಳಿತು: ನಿಮ್ಮ ವಯಸ್ಸು ಎಷ್ಟು? ದುಗ್ಗಮ್ಮ ಕೀಲಿಗಳ ಮೇಲೆ ತಡವರಿಸಿ ಯಾವುದೋ ಇಂಗ್ಲಿಷ್ ಅಕ್ಷರ ಒತ್ತಿ ಎಂಟರ್ ಹೊಡೆದರು. ಪ್ರೋಗ್ರಾಮು ನಿಲ್ಲಲಿಲ್ಲ. 'ಅಂಕಿಯಲ್ಲಿ ಬರೆಯಿರಿ' ಎಂದು ಮತ್ತೆ ಅದನ್ನೇ ಕೇಳಿತು. ಸಂಖ್ಯೆ ಮಾಡಲು ಆಗದಿದ್ದರೆ ಕೆಂಪು ಅಕ್ಷರದಲ್ಲಿ ದೋಷ ತೋರಿಸಿ ಸಾಯುವ ಬದಲು, ಸರಿಯಾದ ಉತ್ತರ ಸಿಗುವ ತನಕ ಸುತ್ತಿ ಬಂದು ಕೇಳುವ ಹಾಗೆ ಬರೆದಿದ್ದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಈ ಸಲ ದುಗ್ಗಮ್ಮ ನಾಲ್ಕು, ಆರು ಒತ್ತಿದರು. 'ಮುಂದಿನ ವರ್ಷ ನಿಮಗೆ 47' ಎಂದು ಬಂತು.

"ಹೌದಲ್ಲ!" ಅಂದರು ದುಗ್ಗಮ್ಮ. ನಕ್ಕರು. ಆ ನಗುವನ್ನು ಅಲ್ಲಿಗೇ ನಿಲ್ಲಿಸಿ ನಾಗೇಂದ್ರ ಸರ್ ಕಡೆ ತಿರುಗಿದರು. "ಮೇಷ್ಟ್ರೇ, ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ಇದು ಎಂತದೂ ಗೊತ್ತಿಲ್ಲ. ಆದ್ರೆ ಕಣ್ಣಲ್ಲಿ ನೋಡಿದ್ದನ್ನ ಬರೀಬೇಡ, ನಾನು ಹೇಳಿದ ಸುಳ್ಳು ಬರಿ ಅಂತ ಮಕ್ಕಳಿಗೆ ಹೇಳೋಕೆ ನಿಮ್ಮನ್ನ ಇಲ್ಲಿ ಇಟ್ಟಿದಾರಾ? ಅದಕ್ಕೆ ನನ್ನನ್ನ ಅಲ್ಲಿಂದ ಇಲ್ಲಿ ತನಕ ಕರ್ಸಿದ್ರಾ?"

"ಅದು ವರ್ಷನ್ ಸಮಸ್ಯೆ," ಅಂದರು ಸರ್. "ಇಷ್ಟು ವರ್ಷ ಯಾರೂ ಕೇಳಿಲ್ಲ."

ನನಗೆ ತಡೆಯಲಾಗಲಿಲ್ಲ. "ನಾನು ಕೇಳಿದ್ದೆ ಸರ್. ಮೂರು ವರ್ಷದ ಹಿಂದೆ, ಈ ಬಾಗಿಲ ಹತ್ತಿರವೇ ನಿಂತು. ಸಿಸ್ಟಮ್ ಆನ್ ಮಾಡಿದ್ರೆ ಸಾಕು ಅಂದ್ರಿ. ಅದಾದ ಮೇಲೆ ನೂರಕ್ಕೂ ಹೆಚ್ಚು ಮಕ್ಕಳು ಐದು ಅಂತ ಬರೆದು ನಿಮ್ಮ ಸಹಿ ತಗೊಂಡು ಹೋಗಿದಾರೆ. ಒಬ್ಬರಿಗೂ ಕೀಬೋರ್ಡಿನಿಂದ ಬರೋದು ಅಕ್ಷರ ಅಂತ ಗೊತ್ತಿಲ್ಲ. ನನ್ನ ತಪ್ಪೂ ಇದೆ, ನಾನು ಮತ್ತೆ ಬಾಯಿ ಬಿಡಲಿಲ್ಲ."

ಪ್ರಿನ್ಸಿಪಾಲ್ ಕನ್ನಡಕ ತೆಗೆದು ಒರೆಸಿದರು. ಎಷ್ಟು ಹೊತ್ತು ಒರೆಸುತ್ತಾರೆ ಅಂತ ನೋಡಿದೆ. ಕೊನೆಗೆ, "ನಾಗೇಂದ್ರ, ರೆಕಾರ್ಡಿಗೆ ಸಹಿ ಹಾಕಿ," ಅಂದರು. ಸರ್ ಹಾಕಿದರು. ಕೆಂಪು ಗೆರೆಯನ್ನು ಮಾತ್ರ ಹಾಗೇ ಬಿಟ್ಟರು.

ಪ್ರಾಕ್ಟಿಕಲ್ ಪರೀಕ್ಷೆಗೆ ಸಾಗರದಿಂದ ಪರೀಕ್ಷಕರಾಗಿ ಒಬ್ಬರು ಮೇಡಂ ಬಂದರು. ಅವರು ಔಟ್‌ಪುಟ್ ಓದುವವರಲ್ಲ, ಪ್ರತಿಯೊಬ್ಬರ ಪಕ್ಕ ನಿಂತು ತಾವೇ ಕೀಲಿ ಒತ್ತುವವರು. ಹಿಂದಿನ ವಾರ ನಾನು ಬೋರ್ಡಿನ ಮೇಲೆ ತಿದ್ದಿದ ಸಾಲುಗಳನ್ನು ಬರೆದಿಟ್ಟಿದ್ದೆ. ಬೆಳಿಗ್ಗೆ ಬಂದಾಗ ಯಾರೋ ಅಳಿಸಿದ್ದರು. ಮತ್ತೆ ಬರೆದೆ. ಮತ್ತೆ ಅಳಿಸಿದರು. ಕೊನೆಗೆ ಮಕ್ಕಳೇ ವಿನಯಾಳ ರೆಕಾರ್ಡಿನ ಆ ಪುಟದ ಫೋಟೋ ತೆಗೆದುಕೊಂಡು ಫೋನಿನಿಂದ ಫೋನಿಗೆ ಹಂಚಿದರು. ಹಾಗಾಗಿ ಬಹಳ ಜನ ಉಳಿದುಕೊಂಡರು. ಒಂಬತ್ತು ಮಂದಿ ಮ್ಯಾನ್ಯುವಲನ್ನೇ ನಂಬಿ ಬಾಯಿಪಾಠ ಮಾಡಿದ್ದರು. ಅವರ ಪರದೆಯ ಮೇಲೆ ಬಂದದ್ದನ್ನು ನೋಡಿ ಅವರೇ ಕಂಗಾಲಾದರು. ಒಬ್ಬ ಹುಡುಗಿ ಅಳುತ್ತಾ, "ಸರ್ ಐದು ಬರುತ್ತೆ ಅಂದಿದ್ರು ಮೇಡಂ," ಅಂದಳು.

ವಿನಯಾಳಿಗೆ ಪರೀಕ್ಷೆಯಲ್ಲಿ ಮೂವತ್ತಕ್ಕೆ ಇಪ್ಪತ್ತೊಂಬತ್ತು. ನಾಗೇಂದ್ರ ಸರ್ ಕೊಡುವ ಆಂತರಿಕ ಅಂಕ ಇಪ್ಪತ್ತಕ್ಕೆ ಎಂಟು. ಕಾರಣದ ಜಾಗದಲ್ಲಿ 'ಶಿಸ್ತು' ಎಂದು ಬರೆದಿತ್ತು.

ಅವಳು ಸುಮ್ಮನಿರಲಿಲ್ಲ. ಒಂದು ಹಾಳೆಯಲ್ಲಿ ನಡೆದದ್ದನ್ನೆಲ್ಲ ದಿನಾಂಕ ಸಮೇತ ಬರೆದು, ಆ ಒಂಬತ್ತು ಮಕ್ಕಳ ಹೆಸರನ್ನೂ ಸೇರಿಸಿ, ಅವರಿಗೆ ಮತ್ತೊಂದು ಅವಕಾಶ ಕೊಡಬೇಕೆಂದು ಕೇಳಿ, ವಿಶ್ವವಿದ್ಯಾಲಯಕ್ಕೆ ಕಳಿಸಲು ನನ್ನ ಹತ್ತಿರ ತಂದಳು. ತನ್ನ ಎಂಟು ಅಂಕದ ವಿಷಯ ಕೊನೆಯ ಸಾಲಿನಲ್ಲಿತ್ತು.

"ಸಾಕ್ಷಿ ಅಂತ ಒಬ್ರು ಬೇಕು ಅಕ್ಕ. ನಿಮಗೆ ತೊಂದ್ರೆ ಆಗೋದಾದ್ರೆ ಬೇಡ."

ತೊಂದರೆ ಆಗುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ನನ್ನ ಗುತ್ತಿಗೆ ಮೇ ತಿಂಗಳಿಗೆ ಮುಗಿಯುತ್ತದೆ, ಮುಂದುವರಿಸುವ ಕಾಗದಕ್ಕೆ ವಿಭಾಗದ ಮುಖ್ಯಸ್ಥರಾಗಿ ಸಹಿ ಹಾಕಬೇಕಾದವರು ನಾಗೇಂದ್ರ ಸರ್. ನಾನು ಪೆನ್ನು ತೆಗೆದುಕೊಂಡು ಸಹಿ ಹಾಕಿದೆ. ಇಬ್ಬರೂ ಅಂಚೆ ಕಚೇರಿಗೆ ನಡೆದು ರಿಜಿಸ್ಟರ್ ಮಾಡಿ ಬಂದೆವು.