ಮೋತಿಯ ಹಾಲು ಕರೆಯುವವರು

ಶಾಲುಬಾಯಿಗೆ ಮಕ್ಕಳಿಗಿಂತ ದನಗಳ ಮೇಲೇ ಜೀವ ಹೆಚ್ಚು ಎಂದು ಔರಾದ ಕಡೆಯ ಆ ಊರಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಮಕ್ಕಳೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಮನೆಯ ನಾಲ್ಕು ದೇವಣಿ ತಳಿಯ ಹಸುಗಳಲ್ಲಿ ಕಬರಿ ಎಂದರೆ ಪ್ರಾಣ. ಹೊಸದಾಗಿ ಈದ ಮೋತಿಯದೋ ಬೇರೆಯೇ ಹಟ. ಶಾಲುಬಾಯಿಯ ಕೈ ಬಿಟ್ಟು ಬೇರೆಯವರು ಕೆಚ್ಚಲು ಮುಟ್ಟಿದರೆ ಒದ್ದು ಕಳಿಸುತ್ತಿದ್ದಳು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನೊಣ, ಸೊಳ್ಳೆ ಹೆಚ್ಚಿದ್ದವು. ಒಂದು ಬೆಳಿಗ್ಗೆ ಕಬರಿ ಮೇವು ಮೂಸಲಿಲ್ಲ. ಮೈ ಕಾದ ಹಂಚಾಗಿತ್ತು, ಕಣ್ಣು ಮೂಗಿನಿಂದ ನೀರು ಸುರಿಯುತ್ತಿತ್ತು. ಮರುದಿನದ ಹೊತ್ತಿಗೆ ಕುತ್ತಿಗೆಯಿಂದ ಹೊಟ್ಟೆಯವರೆಗೆ ಗಟ್ಟಿ ಗಂಟುಗಳೆದ್ದು, ಮುಂಗಾಲು ಬಾತುಕೊಂಡಿತು. ಶಾಲುಬಾಯಿ ಔರಾದದ ದವಾಖಾನೆಗೆ ಫೋನ್ ಮಾಡಿಸಿದಳು.

ಔರಾದದಿಂದ ಬಂದ ದನದ ಡಾಕ್ಟರ್ ನಾಹೀದ ಗಂಟುಗಳನ್ನು ಒತ್ತಿ ನೋಡಿ, "ಚರ್ಮಗಂಟು ರೋಗರಿ," ಎಂದಳು.

"ಇಕಿಗೆ ಲಸಿಕಿ ಹಾಕಿಬಿಡ್ರಿ ಮೇಡಮ್," ಎಂದ ಶಾಲುಬಾಯಿಯ ಗಂಡ ನರಸಿಂಗ.

"ರೋಗ ಬಂದದ್ದಕ್ಕ ಲಸಿಕಿ ಹಾಕಬಾರದ್ರಿ. ಈ ರೋಗ ಕೊಲ್ಲೋ ಔಷಧಿನೂ ಇಲ್ಲ. ಜ್ವರಕ್ಕ ಸೂಜಿ ಕೊಡ್ತೇನಿ, ಗಾಯ ಕೀವಾಗದಂಗ ಇನ್ನೊಂದು. ಉಳಿದದ್ದು ನಿಮ್ಮ ಆರೈಕಿ. ಮೆತ್ತಗಿನ ಹಸಿ ಮೇವು, ಗಂಜಿ, ಕುಡಿಲಿಕ್ಕ ಬೇಕಾದಷ್ಟು ನೀರು."

ಉಳಿದ ಮೂರಕ್ಕೆ ಜ್ವರ ನೋಡಿ, ಇಲ್ಲವೆಂದು ಖಾತ್ರಿಯಾದ ಮೇಲೆ ಲಸಿಕೆ ಹಾಕಿದಳು. "ಇದು ಮೈಗೆ ಹತ್ತಲಿಕ್ಕ ಮೂರು ವಾರ ಬೇಕ್ರಿ. ಅಲ್ಲೀತನಕ ಕಬರಿ ದೂರ ಇರಲಿ. ಬಕೀಟು, ಹಗ್ಗ ಬ್ಯಾರೆ ಇರಲಿ. ನೋಡಿಕೊಳ್ಳೋರೂ ಬ್ಯಾರೆ ಬ್ಯಾರೆ ಆದ್ರ ಭಾಳ ಚಲೋ. ನೊಣ, ಉಣ್ಣಿ ಆಗಗೊಡಬ್ಯಾಡ್ರಿ. ಮನುಷ್ಯರಿಗೆ ಇದು ಬರಂಗಿಲ್ಲ, ಅಂಜಬ್ಯಾಡ್ರಿ."

ಹೀಗೆ ಶಾಲುಬಾಯಿ ಕಬರಿಯೊಂದಿಗೆ ಹೊಲದ ಗುಡಿಸಲು ಸೇರಿದಳು. ಬೇವಿನ ಹೊಗೆ ಹಾಕುವುದು, ಒಡೆದ ಗಂಟು ತೊಳೆದು ಔಷಧಿ ಹಚ್ಚುವುದು, ಬೊಗಸೆಯಲ್ಲಿ ಗಂಜಿ ಹಿಡಿದು ಪುಸಲಾಯಿಸುವುದು, ಇದೇ ಅವಳ ದಿನಚರಿಯಾಯಿತು. ನರಸಿಂಗ ಬುತ್ತಿಯನ್ನು ಬದುವಿನ ಮೇಲಿಟ್ಟು, ಅವಳು ಬಿಟ್ಟ ಬಟ್ಟೆಯನ್ನು ಒಗೆಯಲು ಒಯ್ಯುತ್ತಿದ್ದ. ಸಂಸಾರ ಹೂಡಿದ ಮೇಲೆ ಗಂಡ ಹೆಂಡತಿ ಇಷ್ಟು ದೂರ ನಿಂತು ಮಾತಾಡಿದ್ದು ಇದೇ ಮೊದಲು. ಜಗಳ ಮಾತ್ರ ಎಂದಿನಂತೆಯೇ ನಡೆಯಿತು.

ಕಷ್ಟ ಬಂದದ್ದು ಮೋತಿಯಿಂದ. ಕರು ಬಿಟ್ಟರೂ ಹಾಲು ತೊರೆ ಬಿಡಲೊಲ್ಲಳು, ನರಸಿಂಗ ಕೂತರೆ ಕಾಲೆತ್ತುವಳು. ಹಾಲು ಒಳಗೇ ನಿಂತರೆ ಕೆಚ್ಚಲು ಬಾತುಕೊಳ್ಳುವುದೆಂದು ಶಾಲುಬಾಯಿಗೆ ಗೊತ್ತಿತ್ತು. ಓಡಿಹೋಗಿ ಹಾಲು ಕರೆದು ಬರಲೇ ಎಂದು ಕಾಲು ತುರಿಸುತ್ತಿತ್ತು. ತಡೆದುಕೊಂಡಳು.

ಒಂದು ಸಂಜೆ ಫೋನಿನಲ್ಲಿ ಗಂಡನ ದನಿ ಹುರುಪಿನಿಂದಿತ್ತು. "ಯುಕ್ತಿ ಹೊಳದದ. ನಿನ್ನ ಸೀರಿ ಸುತ್ತಿಕೊಂಡೇನಿ. ಮೋತಿಗೆ ನೀನೇ ಅನಿಸಬೇಕು. ಈಗ ಕೊಟ್ಟಿಗಿ ಒಳಗ ಹೊಂಟೇನಿ."

ಶಾಲುಬಾಯಿಗೆ ನಗು ಬಂತು. ಅರ್ಧಕ್ಕೇ ನಿಂತಿತು. "ಯಾವ ಸೀರಿರಿ?"

"ಹಸರಂದು. ಮಧ್ಯಾಹ್ನ ನೀ ಕೊಟ್ಟಿದ್ದು. ನಿನ್ನ ವಾಸನಿ ಹಾಂಗೇ ಅದ ಅಂತ ಒಗದಿಲ್ಲ."

ಕಬರಿಯ ಗಾಯ ಒರೆಸಿ, ಅವಳ ಜೊಲ್ಲು ಮೆತ್ತಿಸಿಕೊಂಡ ಸೀರೆ ಅದು. "ಅಲ್ಲೇ ನಿಲ್ರಿ. ಹೊಸ್ತಿಲ ದಾಟಬ್ಯಾಡ್ರಿ," ಎಂದಳು. "ಅದು ಕಬರಿ ರೋಗದ ಸೀರಿ. ಬಿಚ್ಚಿ ಕುದಿನೀರಾಗ ಹಾಕ್ರಿ. ಜಳಕ ಮಾಡ್ರಿ. ಆಮ್ಯಾಲ ಟ್ರಂಕಿನೊಳಗಿಂದು ತೊಗೋರಿ."

"ಇನ್ನೂ ದಾಟಿಲ್ಲ," ಎಂದ ನರಸಿಂಗ, ಸಣ್ಣಗೆ.

ಮಡಿ ಸೀರೆಯುಟ್ಟು ಬಂದವನನ್ನು ಮೋತಿ ಮೂಸಿ ನೋಡಿ ಮೋರೆ ತಿರುಗಿಸಿದಳು. ಟ್ರಂಕಿನ ವಾಸನೆಗೆ ಮೋಸಹೋಗುವಷ್ಟು ದಡ್ಡಿ ಅವಳಲ್ಲ. ನರಸಿಂಗ ಫೋನನ್ನು ಸ್ಪೀಕರಿಗೆ ಹಾಕಿ ಮೇವಿನ ಗೋದಲಿಯ ಮೇಲಿಟ್ಟ. ಶಾಲುಬಾಯಿ ಹೊಲದಲ್ಲೇ ಕೂತು ದಿನಾ ಬೈಯುವಂತೆಯೇ ಬೈಯತೊಡಗಿದಳು. "ಯಾಕ ಮೋತಿ, ಮಸ್ತಿ ಬಂದದೇನು? ನಿಂದ್ರು ಸುಮ್ಮ." ಮೋತಿಯ ಕಿವಿಗಳು ನೆಟ್ಟಗಾದವು. ಸ್ವಲ್ಪ ಹೊತ್ತಿಗೆ ಪಾತ್ರೆಯ ತಳಕ್ಕೆ ಹಾಲು ಬಡಿಯುವ ಸದ್ದು ಫೋನಿನಲ್ಲಿ ಕೇಳಿಸಿತು. ಶಾಲುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಬೈಯುವುದನ್ನು ನಿಲ್ಲಿಸಲಿಲ್ಲ. ಅಂದಿನಿಂದ ದಿನಾ ಎರಡು ಹೊತ್ತು ಫೋನಿನಲ್ಲಿ ಅವಳ ಬೈಗುಳ, ನರಸಿಂಗನ ಕೈಯಲ್ಲಿ ಹಾಲು.

ಕಬರಿ ಎದ್ದು ಮೇಯತೊಡಗಿದಳು. ಗಂಟುಗಳು ಒಣಗಿ ಹಕ್ಕಳೆಗಳು ಉದುರಿದವು, ಕಲೆಗಳು ಉಳಿದವು. ದಸರೆಯ ಹೊತ್ತಿಗೆ ನಾಹೀದ ಎಲ್ಲವನ್ನೂ ತಡವಿ ನೋಡಿ, ಉಳಿದ ಮೂರರ ಮೈಮೇಲೆ ಒಂದು ಗಂಟೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಬರಿಯನ್ನು ಮನೆಗೆ ತರಲು ಹೇಳಿದಳು. ಶಾಲುಬಾಯಿಗೆ ಹಬ್ಬ ಅಂದೇ ಬಂದಂತಾಯಿತು.

ಜಳಕ ಮಾಡಿ, ಪಾತ್ರೆ ಹಿಡಿದು ನೇರ ಮೋತಿಯ ಹತ್ತಿರ ಕೂತಳು. ಮೋತಿ ಒಂದೇ ಒದೆಗೆ ಪಾತ್ರೆ ಉರುಳಿಸಿ, ನರಸಿಂಗನ ಕಡೆ ಕತ್ತು ತಿರುಗಿಸಿ ಅಂಬಾ ಎಂದಳು.

"ನೀ ಹೊರಗ ಹೋಗು, ಫೋನ್ ಹಚ್ಚಲೇನು?" ಎಂದ ನರಸಿಂಗ, ನಗು ತಡೆಯುತ್ತ.

ಶಾಲುಬಾಯಿಗೆ ಹೊಟ್ಟೆಕಿಚ್ಚಾಯಿತು, ನಿಜಕ್ಕೂ ಆಯಿತು. ಮೋತಿಯ ನುಣುಪಾದ ಬೆನ್ನ ಮೇಲೆ ಅಂಗೈ ಆಡಿಸಿದಳು. ಎಲ್ಲೂ ಒಂದು ಗಂಟೂ ತಗಲಲಿಲ್ಲ. ಪಾತ್ರೆ ಎತ್ತಿ ಗಂಡನ ಕೈಗೆ ಕೊಟ್ಟು, "ನೀವೇ ಕರೀರಿ," ಎಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.