ಗೇಟಿನವನ ತೇಗು

ಎರಡು ರೈಲುಗಳ ನಡುವಿನ ಹತ್ತು ನಿಮಿಷದಲ್ಲಿ ರೈಲ್ವೆ ಗೇಟಿನವನು ಬುತ್ತಿಯನ್ನು ಗಬಗಬನೆ ಮುಗಿಸುತ್ತಿದ್ದ. ಆಮೇಲೆ ತೇಗೋ ತೇಗು. ಅದು ನಿಲ್ಲಲೆಂದು ಸೋಡಾ ಕುಡಿದ, ಚ್ಯೂಯಿಂಗ್ ಗಮ್ ಅಗಿದ, ಇನ್ನೂ ಹೆಚ್ಚಾಯಿತು.

“ಗೇಟು ಹಾಕಿದ್ಯೋ ಇಲ್ವೋ, ಒಂದೂ ಕೇಳಿಸಲ್ಲ. ಇನ್ನೊಂದ್ಸಲ ಫೋನಲ್ಲಿ ತೇಗಿದ್ರೆ ಮೇಲಿನವರಿಗೆ ಬರೀತೀನಿ,” ಎಂದರು ಸ್ಟೇಷನ್ ಮಾಸ್ಟರು.

ಅವನು ಆಸ್ಪತ್ರೆಗೆ ಹೋದ. ನರ್ಸಮ್ಮ ನಕ್ಕರು. “ಅನ್ನದ ಜೊತೆ ಗಾಳೀನೂ ನುಂಗ್ತಿದೀಯಪ್ಪ. ಗಮ್ ಅಗಿದ್ರೂ ಗಾಳಿ, ಸೋಡಾದಲ್ಲೂ ಗ್ಯಾಸೇ. ಎರಡೂ ಬಿಡು. ನಿಧಾನ ಅಗಿದು ತಿನ್ನು.”

“ರೈಲಿಗೂ ಹೇಳಿ ಅಮ್ಮ, ನಿಧಾನ ಬಾ ಅಂತ.”

ಆದರೂ ಒಂದು ವಾರ ನರ್ಸಮ್ಮ ಹೇಳಿದ ಹಾಗೇ ಮಾಡಿದ. ಒಂದು ದಿನ ಐದನೆಯ ತುತ್ತು ಕೈಯಲ್ಲಿರುವಾಗಲೇ ಫೋನು ಬಡಿದುಕೊಂಡಿತು. ತುತ್ತನ್ನು ಡಬ್ಬಿಗೇ ಹಾಕಿ, ಗೇಟು ಮುಚ್ಚಿ ಬಂದ.

“ಗೇಟು ಹಾಕಿದೀನಿ, ಸಾರ್.”

ಮಾತು ಸ್ಪಷ್ಟವಾಗಿತ್ತು. ಹೊಟ್ಟೆ ಅರ್ಧ ಖಾಲಿಯಿತ್ತು.