ಎಡಗಡೆ ಉಳಿದ ಕಾಮಾ

ದೊಡ್ಡ ಡಾಕ್ಟರಿಗೆ ಸಿಟ್ಟು ಬಂದರೆ ಕೂಗಾಡುತ್ತಿರಲಿಲ್ಲ, ಕೈಯಲ್ಲಿದ್ದ ಕಾಗದವನ್ನು ಮೇಜಿನಾಚೆ ತಳ್ಳಿ ಸುಮ್ಮನೆ ಕೂತುಬಿಡುತ್ತಿದ್ದರು. ಅದಕ್ಕಿಂತ ನಾಲ್ಕು ಬೈಗುಳವೇ ವಾಸಿ. ಆ ಸಂಜೆ ಅವರು ತಳ್ಳಿದ ಕಾಗದದಲ್ಲಿ ಒಬ್ಬ ಜ್ವರದ ರೋಗಿಯ ಪ್ಲೇಟ್‌ಲೆಟ್ ಎಣಿಕೆ 240,000 ಎಂದು ಅಚ್ಚಾಗಿತ್ತು. ಎರಡು ಲಕ್ಷ ನಲವತ್ತು ಸಾವಿರ ಅನ್ನುವುದನ್ನು ಹೀಗೆ ಬರೆದರೆ ಓದುವವರ ಗತಿಯೇನು, ಅರವತ್ತು ಹಾಸಿಗೆ ನೋಡುವಷ್ಟರಲ್ಲಿ ಕಣ್ಣು ತಪ್ಪಿದರೆ ಯಾರು ಹೊಣೆ ಎಂದು ಕೊನೆಗೂ ಬಾಯಿ ಬಿಟ್ಟರು. ನಾಳೆಯಿಂದ ಲಕ್ಷದ ಲೆಕ್ಕದಲ್ಲೇ ಬರಬೇಕು, ಅಷ್ಟೇ.

ಎದುರಿಗೆ ನಿಂತು ಕೇಳಿಸಿಕೊಂಡವಳು ಲ್ಯಾಬಿನ ಕೌಂಟರಿನವಳು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ರಿಪೋರ್ಟಮ್ಮ ಎನ್ನುತ್ತಿದ್ದರು. ವಯಸ್ಸು ಇಪ್ಪತ್ತಾರು, ಅಮ್ಮ ಅನ್ನಿಸಿಕೊಳ್ಳುವ ವಯಸ್ಸಲ್ಲ, ಆದರೆ ಹೆಸರು ಅಂಟಿದ ಮೇಲೆ ಬಿಡುತ್ತದೆಯೇ? ಒಳಗಿನ ಕೋಣೆಯಲ್ಲಿ ಟೆಕ್ನಿಷಿಯನ್ ರಕ್ತವನ್ನು ಯಂತ್ರಕ್ಕೆ ಕೊಟ್ಟು, ಬಂದ ಅಂಕಿಗಳನ್ನು ಕಂಪ್ಯೂಟರಿನ ಹಾಳೆಯಲ್ಲಿ ತುಂಬುತ್ತಿದ್ದ. ಅದನ್ನು ಅಚ್ಚು ಹಾಕಿ ವಾರ್ಡುಗಳಿಗೆ ಮುಟ್ಟಿಸುವುದು ಇವಳ ಕೆಲಸ. ಹಾಳೆಯನ್ನು ಕಟ್ಟಿದವಳೂ ಇವಳೇ. ಲ್ಯಾಬಿಗೆಂದೇ ಇದ್ದ ತಂತ್ರಾಂಶಕ್ಕೆ ವರ್ಷದ ಹಣ ಕಟ್ಟದೆ ಅದು ನಿಂತುಹೋದಾಗ, ಯಾರಾದರೂ ಏನಾದರೂ ಮಾಡಿ ಎಂದು ಆಡಳಿತದವರು ಕೈತೊಳೆದುಕೊಂಡಿದ್ದರು. ಆ ಯಾರಾದರೂ ಯಾವಾಗಲೂ ಇವಳೇ ಆಗಿರುತ್ತಿದ್ದಳು.

ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗನ್ನು ಬದಲಿಸಿದ್ದರೆ ಅಂಕಿಗಳು ತಾವಾಗಿಯೇ ಲಕ್ಷದ ಲೆಕ್ಕಕ್ಕೆ ಬರುತ್ತಿದ್ದವು. ಅದರ ಪಾಸ್‌ವರ್ಡ್ ಕಂಪ್ಯೂಟರ್ ನೋಡಿಕೊಳ್ಳುವ ಮನುಷ್ಯನ ಬಳಿ ಇತ್ತು. ಅವನೋ, ಕರೆದಾಗ ಬರುವವನಲ್ಲ, ನೆನಪಾದಾಗ ಬರುವವನು. ಅವಳು ಕಾಯಲಿಲ್ಲ. ಫೋನಿನಲ್ಲಿ ಹುಡುಕಿ, ಅಂಕಿಯ ರೂಪವನ್ನು ನಾವೇ ಬರೆಯುವ ಆ ಪುಟ್ಟ ಪೆಟ್ಟಿಗೆಯೊಳಗೆ #\,##\,##0 ಎಂದು ಹೊಡೆದಳು. ಓರೆಗೆರೆ ಹಾಕಿ ಬರೆದ ಕಾಮಾ ಎಲ್ಲಿ ಬರೆದಿದೆಯೋ ಅಲ್ಲೇ ಕೂರುತ್ತದೆ ಎಂಬಷ್ಟು ಅವಳಿಗೆ ತಿಳಿದಿತ್ತು. ಹಾಳೆಯ ಚೌಕದ ಮನೆಯೊಳಗೆ ಇರುವ ಅಂಕಿ ಬದಲಾಗುವುದಿಲ್ಲ, ಮೇಲಿನ ತೋರಿಕೆ ಮಾತ್ರ. ಪರೀಕ್ಷೆಗೆಂದು 240000 ಕೊಟ್ಟಳು, 2,40,000 ಬಂತು. 155000 ಕೊಟ್ಟಳು, 1,55,000 ಬಂತು. ಮುತ್ತಿನಂತೆ ಬಂತು. ಖುಷಿಯಿಂದ ಬಾಗಿಲು ಹಾಕಿಕೊಂಡು ಮೇಲಿನ ವಾರ್ಡಿಗೆ ಹೋದಳು.

ಮೇಲೆ ಅವಳ ಸೋದರಮಾವ ಮಲಗಿದ್ದ. ಅದೇ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ. ಸೈರನ್ ಕೆಟ್ಟ ವಾಹನವನ್ನು ಒಂದು ಮಳೆಗಾಲವಿಡೀ ಬರೀ ಹಾರ್ನಿನಲ್ಲೇ ಓಡಿಸಿದ್ದಕ್ಕೆ ಎಲ್ಲರ ಬಾಯಲ್ಲಿ ಹಾರ್ನ್ ಮಾಮ ಆಗಿದ್ದ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಇವಳನ್ನು ಅತ್ತೆಯೊಡನೆ ಸೇರಿ ಸಾಕಿದವನು, ಓದಿಸಿದವನು, ಈ ಕೌಂಟರಿಗೆ ತಂದು ಕೂರಿಸಿದವನು ಅವನೇ. ಐದು ದಿನದ ಡೆಂಗಿ ಜ್ವರ ಬಿಟ್ಟಿತ್ತು, ಆದರೆ ಈ ಜ್ವರದ ಬುದ್ಧಿಯೇ ಹಾಗೆ, ಬಿಟ್ಟಂತೆ ಮಾಡಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟನ್ನು ಕೆಡವುತ್ತದೆ. ಅವು ತೀರಾ ಇಳಿದರೆ ರಕ್ತ ಒಳಗೇ ಸೋರಬಹುದು. ಆ ದಿನ ಬೆಳಿಗ್ಗೆ ಎಣಿಕೆ 124,000 ಇತ್ತು. ನಾಳೆ ಬೆಳಿಗ್ಗೆಯೂ ಲಕ್ಷದ ಮೇಲಿದ್ದರೆ ಮನೆಗೆ ಹೋಗು, ಇಲ್ಲದಿದ್ದರೆ ಹಾಸಿಗೆ ಬಿಟ್ಟು ಇಳಿಯಕೂಡದು ಎಂದು ದೊಡ್ಡ ಡಾಕ್ಟರು ಹೇಳಿದ್ದರು.

ಮಾಮನಿಗೆ ಹಾಸಿಗೆ ಮುಳ್ಳಾಗಿತ್ತು. ಇಪ್ಪತ್ತು ವರ್ಷ ಮಲಗಿದವರನ್ನು ಹೊತ್ತು ತಂದವನಿಗೆ ತಾನೇ ಮಲಗುವುದು ಅವಮಾನವೆನಿಸುತ್ತಿತ್ತು. ಬೆಳಿಗ್ಗೆ ಮೊದಲು ನನ್ನ ರಿಪೋರ್ಟೇ ತರಬೇಕು, ಅದೂ ಲಕ್ಷದಲ್ಲೇ ತರಬೇಕು ಎಂದು ಸೊಸೆಯನ್ನು ಪೀಡಿಸಿದ. ಲಕ್ಷಾಧಿಪತಿ ಮಾಡಿ ಕಳಿಸುತ್ತೇನೆ ಎಂದು ಅವಳೂ ನಕ್ಕಳು.

ಬೆಳಿಗ್ಗೆ ಲ್ಯಾಬಿನ ಮುಂದೆ ಜ್ವರದವರ ಸಾಲು ಬಾಗಿಲು ದಾಟಿತ್ತು. ಟೆಕ್ನಿಷಿಯನ್‌ಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಹಾಳೆ ತುಂಬುತ್ತಿದ್ದಂತೆ ಅವಳು ಮಾಮನದೊಂದನ್ನೇ ಮೊದಲು ಅಚ್ಚಿಗೆ ಕೊಟ್ಟಳು.

ಇಲ್ಲಿ ಪ್ರಿಂಟರಿನ ವಿಷಯ ಹೇಳಬೇಕು. ಟೋನರ್ ಮುಗಿಯುತ್ತ ಬಂದು, ಹದಿನೈದು ದಿನದಿಂದ ಪ್ರತಿ ಕಾಗದದ ಮೇಲೂ ಮೇಲಿಂದ ಕೆಳಗಿನವರೆಗೆ ಒಂದು ಬಿಳಿ ಪಟ್ಟಿ ಬೀಳುತ್ತಿತ್ತು. ಪ್ಲೇಟ್‌ಲೆಟ್‌ನ ಸಾಲಿನಲ್ಲಿ ಆ ಪಟ್ಟಿ ಸರಿಯಾಗಿ ಮೊದಲ ಅಂಕಿಯ ಮೇಲೆ ಹಾಯುತ್ತಿತ್ತು. ಹೊಸ ಟೋನರ್ ಬೇಕೆಂದು ಕೇಳಿದ್ದಕ್ಕೆ ಇಂದು ನಾಳೆ ಎನ್ನುತ್ತಿದ್ದರು. ಅಷ್ಟು ದಿನವೂ ಮಾಸಿದ ಅಂಕಿಯನ್ನು ರಿಪೋರ್ಟಮ್ಮ ನೀಲಿ ಪೆನ್ನಿನಲ್ಲಿ ತಿದ್ದಿ ಕಳಿಸುತ್ತಿದ್ದಳು, ಡಾಕ್ಟರುಗಳಿಗೂ ಅದು ರೂಢಿಯಾಗಿತ್ತು. ಮೊದಮೊದಲು ತೆರೆ ನೋಡಿ ತಿದ್ದುತ್ತಿದ್ದಳು. ಬರಬರುತ್ತ ಕಾಗದವನ್ನು ಬೆಳಕಿಗೆ ಹಿಡಿದರೆ ಸಾಕಾಗುತ್ತಿತ್ತು.

ಮಾಮನ ಕಾಗದದಲ್ಲಿ ,18,000 ಎಂದಿತ್ತು. ಎಡಗಡೆ ಒಂದು ಕಾಮಾ, ಅದರ ಹಿಂದೆ ಬಿಳಿ ಪಟ್ಟಿ. ನಿನ್ನೆ ಒಂದು ಲಕ್ಷ ಇಪ್ಪತ್ನಾಲ್ಕು ಸಾವಿರ, ಇವತ್ತು ಒಂದು ಲಕ್ಷ ಹದಿನೆಂಟು ಸಾವಿರ. ಸ್ವಲ್ಪ ಇಳಿದಿದೆ, ಪರವಾಗಿಲ್ಲ. ಬೆಳಕಿಗೂ ಹಿಡಿಯಲಿಲ್ಲ. ಕಾಮಾದ ಹಿಂದೆ ಒಂದು ಎಂಬ ಅಂಕಿ ಬರೆದಳು, ಚೆನ್ನಾಗಿ ಕಾಣಲೆಂದು ಎರಡು ಸಲ ಎಳೆದಳು.

ದೊಡ್ಡ ಡಾಕ್ಟರು ಆಗಲೇ ಮಾಮನ ಹಾಸಿಗೆಯ ಬಳಿ ಇದ್ದರು. ಕಾಗದ ನೋಡಿ, ಈಗ ಓದುವ ಹಾಗಿದೆ ಎಂದು ಅವಳನ್ನು ಮೆಚ್ಚಿದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮನೆಗೆ ಹೋಗಿ ಎರಡು ದಿನ ಮಲಗು ಎಂದು ಸಹಿ ಹಾಕಿದರು. ಮಾಮ ಅಂಗಿ ತೊಡುವಾಗಲೇ ಕಾಗದವನ್ನು ಎತ್ತಿ ಹಿಡಿದು ಪಕ್ಕದ ಹಾಸಿಗೆಯವನಿಗೆ ತೋರಿಸಿದ, ನೋಡಪ್ಪ, ನಮ್ಮ ಹುಡುಗಿ ಮಾಡಿದ್ದು ಎಂದ.

ಅವಳು ಕೆಳಗಿಳಿದು ಬರುವಷ್ಟರಲ್ಲಿ ಮೇಜಿನ ಮೇಲೆ ಹೊಸ ಟೋನರ್ ಇತ್ತು. ಹದಿನೈದು ದಿನ ಬಾರದ್ದು ಅವತ್ತು ಬಂತು. ಹಾಕಿ, ಉಳಿದವನ್ನೆಲ್ಲ ಒಟ್ಟಿಗೆ ಅಚ್ಚಿಗೆ ಕೊಟ್ಟಳು. ಕಾಗದಗಳು ಬೆಚ್ಚಗೆ, ಕಪ್ಪಗೆ, ಒಂದು ಗೆರೆಯೂ ಮಾಸದೆ ಹೊರಬಂದವು. ಮೂರನೆಯ ಕಾಗದದಲ್ಲಿ ,92,000 ಎಂದಿತ್ತು. ಆರನೆಯದರಲ್ಲಿ ,64,000.

ಬಿಳಿ ಪಟ್ಟಿ ಇರಲಿಲ್ಲ. ಕಾಮಾದ ಹಿಂದೆ ಏನೂ ಇರಲಿಲ್ಲ.

ತೆರೆಯ ಮೇಲೆ ಆ ಮನೆಯನ್ನು ಒತ್ತಿದಳು. ಮೇಲಿನ ಪಟ್ಟಿಯಲ್ಲಿ, ಯಾವ ವೇಷವೂ ಇಲ್ಲದೆ, 64000 ಎಂದು ಬಂತು. ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅವಳು ಬರೆದ ಕಾಮಾಕ್ಕೆ ಲಕ್ಷ ಇದೆಯೇ ಇಲ್ಲವೇ ಎಂಬ ಗೊಡವೆಯಿಲ್ಲ. ಹೇಳಿದಲ್ಲಿ ಕೂರು ಎಂದರೆ ಕೂರುತ್ತದೆ, ಎಡಕ್ಕೆ ಅಂಕಿ ಇರಲಿ ಬಿಡಲಿ. ಲಕ್ಷಕ್ಕೆ ಕಡಿಮೆಯಾದರೆ ಬೇರೆ ರೂಪ ಎಂಬ ಷರತ್ತನ್ನು ಅವಳು ಹಾಕಿಯೇ ಇರಲಿಲ್ಲ. ಸಣ್ಣ ಅಂಕಿ ಕೊಟ್ಟು ನೋಡಿಯೂ ಇರಲಿಲ್ಲ. ಮಾಮನ ಸಾಲಿಗೆ ಹೋಗಿ ಒತ್ತಿದಳು. 18000.

ಟೆಕ್ನಿಷಿಯನ್‌ನನ್ನು ಕೇಳಿದರೆ ಅವನು ತಲೆಯೆತ್ತದೆ, ಹೌದು, ಹದಿನೆಂಟೇ, ಎರಡು ಸಲ ಓಡಿಸಿ ನೋಡಿದೆ, ವಾರ್ಡಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ, ರಿಪೋರ್ಟು ಹೇಗೂ ನೀನೇ ಒಯ್ದೆಯಲ್ಲ ಎಂದ.

ಅವಳು ಮೆಟ್ಟಿಲು ಹತ್ತಿ ಓಡಿದಳು. ಹಾಸಿಗೆಯ ಮೇಲೆ ಆಗಲೇ ಹೊಸ ಹೊದಿಕೆ ಬಿದ್ದಿತ್ತು. ಕೆಳಗೆ ಗೇಟಿನವನು ಹೇಳಿದ: ಇನ್ನೊಬ್ಬ ಚಾಲಕ ಬೇರೆ ಕಡೆ ಹೋಗಿದ್ದಾನೆ, ಅಷ್ಟರಲ್ಲಿ ಹೆರಿಗೆ ನೋವಿನ ಕರೆ ಬಂತು, ಬೇಡವೆಂದರೂ ಕೇಳದೆ ಹಾರ್ನ್ ಮಾಮನೇ ಗಾಡಿ ತೆಗೆದುಕೊಂಡು ಹೋದ. ಡಾಕ್ಟರೇ ಬಿಟ್ಟಿದ್ದಾರೆ, ನಿಮ್ಮದೇನು ಅಂದನಂತೆ.

ಅವಳು ಗೇಟಿನಲ್ಲೇ ನಿಂತು ಫೋನ್ ಮಾಡಿದಳು. ಮೂರನೆಯ ಸಲಕ್ಕೆ ಎತ್ತಿದ.

"ಮಾಮಾ, ಎಲ್ಲಿದ್ದೀಯ? ಗಾಡಿ ನಿಲ್ಸು."

"ಹಿಂದೆ ಬಸುರಿ ಇದ್ದಾಳೆ ಕಣೇ. ನಿಲ್ಸೋದು ಹೇಗೆ?"

"ರಿಪೋರ್ಟಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ. ಕೌಂಟು ಸ್ವಲ್ಪ ಕಡಿಮೆ ಇದೆಯಂತೆ."

"ಸ್ವಲ್ಪ ತಾನೇ? ಹಲ್ಲುಜ್ಜುವಾಗ ಒಸಡಲ್ಲಿ ರಕ್ತ ಬಂದಾಗಲೇ ಅಂದ್ಕೊಂಡೆ. ಇವಳನ್ನ ಇಳಿಸಿ ಬಂದು ಮಲಗ್ತೀನಿ ಬಿಡು. ಅತ್ತೆಗೆ ಹೇಳಬೇಡ, ಸುಮ್ಮನೆ ಹೆದರ್ಕೋತಾಳೆ."

ನಾಲಿಗೆಯ ತುದಿಯವರೆಗೆ ಬಂದ ಅಂಕಿಯನ್ನು ಅವಳು ನುಂಗಿದಳು. ಗಾಡಿ ಓಡಿಸುವವನನ್ನು ಗಾಬರಿಪಡಿಸಬಾರದು ಎಂದುಕೊಂಡಳು. ಹಾಗೆಂದು ತನಗೆ ತಾನೇ ಹೇಳಿಕೊಂಡಳು ಅನ್ನುವುದೇ ಸರಿ. ಎರಡು ಸಲ ಎಳೆದ ಆ ನೀಲಿ ಒಂದನ್ನು ಹೇಳದೆ ಆ ಅಂಕಿಯನ್ನು ಹೇಳುವಂತಿರಲಿಲ್ಲ. ಆಮೇಲೆ ದೊಡ್ಡ ಡಾಕ್ಟರ ಬಳಿಗೆ ಓಡಿ ಎಲ್ಲವನ್ನೂ ಹೇಳಿದಳು. ಅವರು ಕಾಗದ ತಳ್ಳಲಿಲ್ಲ, ಬೈಯಲಿಲ್ಲ, ಕುರ್ಚಿ ಬೀಳುವಂತೆ ಎದ್ದು ರಕ್ತನಿಧಿಗೆ ಫೋನ್ ಹಚ್ಚಿದರು.

ಆಂಬುಲೆನ್ಸ್ ಬಂತು. ಎಂದಿನಂತೆ ಒಂದೇ ಏಟಿಗೆ, ಗೋಡೆಗೆ ತಗುಲದೆ, ಹಿಮ್ಮುಖವಾಗಿ ಬಾಗಿಲಿಗೆ ಬಂದು ನಿಂತಿತು. ಹಿಂಬಾಗಿಲು ತೆಗೆದು ಬಸುರಿಯನ್ನು ಒಳಗೊಯ್ದರು. ಚಾಲಕ ಇಳಿಯಲಿಲ್ಲ. ಅವಳು ಹೋಗಿ ನೋಡಿದಾಗ ಕೈಬ್ರೇಕು ಎಳೆದಿತ್ತು, ಎಂಜಿನ್ ಆರಿಸಿತ್ತು, ಮಾಮ ಸ್ಟಿಯರಿಂಗಿಗೆ ಹಣೆಯಿಟ್ಟು ತಲೆ ಸಿಡಿಯುತ್ತಿದೆ ಎಂದು ತೊದಲುತ್ತಿದ್ದ. ಮೂಗಿನಿಂದ ಇಳಿದ ರಕ್ತ ಅಂಗಿಯ ಗುಂಡಿಗಳವರೆಗೆ ಬಂದಿತ್ತು. ಮಿದುಳಿನೊಳಗೆ ರಕ್ತ ಸೋರಿದೆ ಎಂದರು. ಎರಡು ದಿನ ಇದ್ದ, ಮತ್ತೆ ಮಾತಾಡಲಿಲ್ಲ. ಬಸುರಿಗೆ ಗಂಡು ಮಗುವಾಯಿತು.

ಆಡಳಿತದವರು ಪ್ರಿಂಟರಿನ ದೋಷ ಎಂದು ಬರೆದು ಮುಗಿಸಲು ನೋಡಿದರು. ಹಳೆಯ ಟೋನರನ್ನು ಕಸದ ಬುಟ್ಟಿಯಿಂದ ಹೆಕ್ಕಿ ಸಾಕ್ಷಿಯಾಗಿ ಎತ್ತಿಟ್ಟರು. ನೀನು ಬಾಯಿ ಬಿಡದಿದ್ದರೆ ಕೆಲಸ ಉಳಿಯುತ್ತದೆ ಎಂದು ಅವಳಿಗೆ ಮೆಲ್ಲಗೆ ಸೂಚನೆಯೂ ಬಂತು. ಅವಳು ಹಾಳೆಗೆ ಷರತ್ತು ಹಾಕಿ ಸರಿಮಾಡಿದಳು. ಲಕ್ಷ ಅಥವಾ ಅದಕ್ಕೆ ಮೇಲಿದ್ದರೆ ಒಂದು ರೂಪ, ಕೆಳಗಿದ್ದರೆ ಇನ್ನೊಂದು. 18000 ಕೊಟ್ಟು ನೋಡಿದಳು. 18,000 ಎಂದು ಸ್ವಚ್ಛವಾಗಿ ಬಂತು. ಅಷ್ಟೇ ಕೆಲಸ ಇದ್ದದ್ದು. ಆಗ ಅವಳಿಗೆ ಅಳು ಬಂತು.

ಮನೆಯಲ್ಲಿ ಅತ್ತೆ ಗೋಡೆಗೊರಗಿ ಕೂತಿದ್ದಳು. ಬಂದವರೆಲ್ಲ ಹೋಗಿದ್ದರು. ಮಾಮನ ಅಂಗಿಯ ಜೇಬಿನಲ್ಲಿ ಸಿಕ್ಕ ಕಾಗದವನ್ನು ಅತ್ತೆ ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತಿದ್ದಳು.

"ನಿನ್ನ ಕೈಬರಹ ಅಂತ ಜೋಪಾನ ಮಾಡಿದ್ರು ನೋಡು. ಫೋನ್ ಮಾಡಿ ಹೇಳಿದ್ರು, ನಮ್ಮ ಹುಡುಗಿ ನನ್ನ ಬಿಡಿಸಿದಳು ಅಂತ."

ರಿಪೋರ್ಟಮ್ಮ ಎದುರಿಗೆ ಕುಳಿತಳು. "ಅತ್ತೆ, ಆ ಒಂದು ಅಲ್ಲಿರಲಿಲ್ಲ. ಇತ್ತು ಅಂದ್ಕೊಂಡು ನಾನೇ ಬರೆದೆ. ಇದ್ದದ್ದು ಹದಿನೆಂಟು ಸಾವಿರ."

ಅತ್ತೆ ಹೆಬ್ಬೆರಳಿನಿಂದ ನೀಲಿ ಒಂದನ್ನು ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿದಳು.

"ಗೇಟಿನವನು ಹೇಳಿದ, ಗಾಡೀಲಿದ್ದಾಗ ನೀನು ಫೋನ್ ಮಾಡಿದ್ದೆಯಂತಲ್ಲ. ಆಗ ಎಷ್ಟು ಅಂತ ಹೇಳಿದೆ?"

ಇದನ್ನು ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ.

"ಸ್ವಲ್ಪ ಕಡಿಮೆ ಅಂದೆ, ಅತ್ತೆ," ಎಂದಳು.